ನಮ್ಮೆಜಮಾನ್ರು

ಗುಬ್ಬಿ, ಕುಣಿಗಲ್ ಕಡೆಯ ಹಿರಿಯ ಹೆಂಗಸರು ಗಂಡನ ಮಾತೆತ್ತಿದರೆ ‘ನಮ್ಮೆಜಮಾನ್ರು’ ಎನ್ನುತ್ತಾರೆ. ಎದುರಿಗೆ ಕರೆಯುವಾಗ ‘ರೀ’, ‘ಏನೂಂದ್ರೆ’. ದೂರದಲ್ಲಿದ್ದರೆ ಮಗುವಿಗೆ ‘ನಿಮ್ಮಪ್ಪನ್ನ ಕರಿ’ ಎಂದು ಹೇಳಿ ಕಳಿಸುತ್ತಾರೆ. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಮನೆಮನೆಯ ನಂಬಿಕೆ. ಆದರೆ ಗಂಡ ಹೆಂಡತಿಯ ಹೆಸರನ್ನು ದಿನವಿಡೀ ಕೂಗಿದರೂ ಅವಳ ಆಯುಸ್ಸಿನ ಚಿಂತೆ ಯಾರಿಗೂ ಬರುವುದಿಲ್ಲ. ಹೆಸರು ಹಿಡಿದು ಕೂಗುವುದು ದೊಡ್ಡವರು ಚಿಕ್ಕವರನ್ನು ಕರೆಯುವ ರೀತಿ. ಈ ಕಟ್ಟಿನ ಬೇರು ಇರುವುದು ಅಲ್ಲಿ ಎಂದೇ ನನ್ನ ಎಣಿಕೆ. ಸಂಸ್ಕೃತದ ಹಳೆಯ ಶ್ಲೋಕವೊಂದು, ಗುರು ಮತ್ತು ಹಿರಿಯ ಮಗುವಿನ ಹೆಸರಿನಂತೆ ಹೆಂಡತಿಯ ಹೆಸರನ್ನೂ ಹೇಳಬಾರದು ಎನ್ನುತ್ತದೆ. ಗಂಡಸರಿಗಿದ್ದ ಆ ಕಟ್ಟು ಸಡಿಲವಾಯಿತು, ಹೆಂಗಸರದ್ದು ಉಳಿಯಿತು.

ಮಾವನ ಹೆಸರಿನ ಪಾಡು ಇನ್ನೂ ತೊಡಕಿನದು. ನಮ್ಮ ಕಡೆ ಯಡಿಯೂರಿನ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಸಿದ್ಧಲಿಂಗಯ್ಯ, ಗುಬ್ಬಿಯ ದೇವರಿಗೆ ನಡೆದುಕೊಳ್ಳುವವರಲ್ಲಿ ಚನ್ನಬಸವಯ್ಯ ಎಂಬ ಹೆಸರುಗಳು ಹೆಚ್ಚು. ಮಾವ ಸಿದ್ಧಲಿಂಗಯ್ಯ ಎಂದಿಟ್ಟುಕೊಳ್ಳಿ. ಸೊಸೆ ದೇವರಿಗೆ ಹರಕೆ ಹೊರುವಾಗಲೂ ‘ಯಡಿಯೂರು ಸ್ವಾಮಿ’ ಎನ್ನಬೇಕು. ಅವಳ ಹೊಟ್ಟೆಯಲ್ಲಿ ಗಂಡು ಹುಟ್ಟಿ, ತಾತನ ಹೆಸರನ್ನೇ ಇಟ್ಟರೆ, ಹೆತ್ತ ತಾಯಿಯೇ ಮಗನನ್ನು ಹೆಸರಿನಿಂದ ಕರೆಯುವಂತಿಲ್ಲ. ಆ ಹೆಸರು ಹಿಡಿದು ಬೈಯುವುದಂತೂ ದೂರದ ಮಾತು. ಹಾಗಾಗಿ ಅವನು ಅವಳ ಬಾಯಲ್ಲಿ ‘ಪುಟ್ಟ’, ‘ಅಯ್ಯ’, ‘ತಾತ’ ಆಗುತ್ತಾನೆ. ಎಷ್ಟೋ ಮನೆಗಳ ಮುದ್ದಿನ ಹೆಸರುಗಳು ಹುಟ್ಟಿದ್ದು ಬರೀ ಮುದ್ದಿನಿಂದಲ್ಲ, ಈ ಇಕ್ಕಟ್ಟಿನಿಂದ.

ಇಥಿಯೋಪಿಯಾದ ಕಂಬಾಟ ಹೆಂಗಸರ ಪದ್ಧತಿ ಇದಕ್ಕಿಂತ ಕಠಿಣ. ಅತ್ತೆ ಮಾವಂದಿರ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೋ ಆ ಅಕ್ಷರದಿಂದ ಶುರುವಾಗುವ ಮಾತುಗಳನ್ನೆಲ್ಲ ಸೊಸೆ ಬಿಡಬೇಕು, ಬದಲಿ ಮಾತು ಕಲಿಯಬೇಕು. ಅಲ್ಲಿ ಇದಕ್ಕೆ ಬಲ್ಲಿಶ್ಶ ಎಂದು ಹೆಸರು. ಆ ಲೆಕ್ಕದಲ್ಲಿ ನಮ್ಮ ಸಿದ್ಧಲಿಂಗಯ್ಯನವರ ಸೊಸೆ ಸಿಹಿ, ಸಿಟ್ಟು, ಸಿಪ್ಪೆ ಎಂದೂ ಹೇಳುವಂತಿಲ್ಲ.

ನಮ್ಮಲ್ಲಿ ಒಂದು ದಿನ ಮಾತ್ರ ಬಿಡುವಿದೆ. ಮದುವೆಯಾಗಿ ಬಂದ ಹೆಣ್ಣನ್ನು ನಾದಿನಿ ಹೊಸಿಲಲ್ಲಿ ತಡೆದು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎನ್ನುತ್ತಾಳೆ. ಹುಡುಗಿ ಪ್ರಾಸ ಕಟ್ಟಿದ ಒಗಟಿನೊಳಗೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಮಾರನೆಯ ದಿನದಿಂದ ಅವನು ಯಜಮಾನ್ರು.

ಆ ಮಾತಿನ ಪಯಣವೂ ಉದ್ದದ್ದು. ಸಂಸ್ಕೃತದಲ್ಲಿ ಯಜಮಾನನೆಂದರೆ ತನಗಾಗಿ ಯಜ್ಞ ಮಾಡಿಸಿ ದಕ್ಷಿಣೆ ಕೊಡುವವನು. ಕನ್ನಡಕ್ಕೆ ಬಂದು ಊರಿನ ಮುಖ್ಯಸ್ಥನಾದ, ಮನೆಯ ಒಡೆಯನಾದ, ಕೊನೆಗೆ ಗಂಡನಾದ. ಹೆಸರಿನ ಜಾಗಕ್ಕೆ ಬಂದ ಮಾತು ಅಧಿಕಾರವನ್ನೂ ಹೊತ್ತುಕೊಂಡೇ ಬಂತು. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನು ಮುಖ್ಯಸ್ಥೆ ಮಾಡಿತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ತಿಂಗಳಿಗೆ 2,000 ರೂಪಾಯಿ ‘ಮನೆ ಯಜಮಾನಿ’ಯ ಖಾತೆಗೆ ಎಂದಿತು. ಈಗ ತುಮಕೂರಿನ ಬ್ಯಾಂಕಿನ ಸಾಲಿನಲ್ಲಿ ನಿಂತ ಹೆಂಗಸು ‘ಯಜಮಾನಿ ನಾನೇ’ ಎಂದು ತನ್ನ ಹೆಸರು ಬರೆಸುತ್ತಾಳೆ. ಗಂಡನ ಹೆಸರು ಕೇಳಿದಾಗ ಆಧಾರ್ ಕಾರ್ಡ್ ಮುಂದೆ ಚಾಚುತ್ತಾಳೆ.