ಒಂದೇ ಹುಡುಗಿ, ಎರಡು ರಿಜಿಸ್ಟರು

ಹೋದ ವರ್ಷ ಸೇವಾಸಂಸ್ಥೆಯೊಂದರ ಹುಡುಗರು ತ್ಯಾಗರಾಜನಗರದ ನಮ್ಮ ಮನೆಗೆ ಬಂದು, ಬಣ್ಣಬಣ್ಣದ ವರದಿಯೊಂದನ್ನು ಕೈಗಿಟ್ಟು, 'ಮೇಡಂ, ಒಂದು ಮುನ್ನುಡಿ ಬರ್ಕೊಡಿ' ಅಂದರು. ಕೆಲಸ ಶ್ರದ್ಧೆಯಿಂದಲೇ ನಡೆದಿತ್ತು. ಶಾಲೆಯ ಹೆಣ್ಣುಮಕ್ಕಳ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ದರು, 12 ಗ್ರಾಂಗಿಂತ ಕೆಳಗಿದ್ದವರನ್ನು ಆರಿಸಿ ಮೂರು ತಿಂಗಳು ಮಾತ್ರೆ ಕೊಟ್ಟಿದ್ದರು, ಜೊತೆಗೆ ಪ್ಯಾಡು ಹಂಚಿದ್ದರು, ಆಮೇಲೆ ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿ 'ರಕ್ತಹೀನತೆ ಇಳಿದಿದೆ' ಎಂದು ಬರೆದಿದ್ದರು. ಮುನ್ನುಡಿ ನಾನು ಬರೆಯಲಿಲ್ಲ. ಮೊದಲ ದಿನ 12ರ ಕೆಳಗೆ ಬಂದವರಲ್ಲಿ ನಿಜವಾಗಿ ರಕ್ತ ಕಡಿಮೆಯಿದ್ದವರ ಜೊತೆಗೆ, ಬೆರಳು ಹಿಂಡಿದ್ದರಿಂದ ಊತಕದ ನೀರು ಬೆರೆತು ಅಳತೆ ತಗ್ಗಿದವರೂ ಇರುತ್ತಾರೆ. ಅವರು ಮಾತ್ರೆ ನುಂಗಲಿ ಬಿಡಲಿ, ಎರಡನೇ ಸಲ ಮೇಲೇಳುತ್ತಾರೆ. ಅಂದು 12ರ ಮೇಲಿದ್ದವರನ್ನೂ ಮತ್ತೆ ನೋಡಿದ್ದರೆ ಅವರಲ್ಲಿ ಕೆಲವರು ಕೆಳಗಿಳಿದಿರುವುದು ಕಾಣುತ್ತಿತ್ತು. ಅವರನ್ನು ಯಾರೂ ನೋಡಿರಲಿಲ್ಲ.

ಶಾಲೆಯ ಹೆಣ್ಣುಮಕ್ಕಳ ಆರೋಗ್ಯದ ಈ ಕ್ಷೇತ್ರ ಇಲ್ಲಿಗೆ ಹೇಗೆ ಬಂತು ಅನ್ನುವುದನ್ನು ಹೇಳಬೇಕೆನಿಸಿದ್ದು ಆಗ. ಶುರುವಿನ ಕತೆ ಚಿಕ್ಕದು. ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ನಮ್ಮ ದೇಶದಲ್ಲಿ 1909ರಲ್ಲಿ ಬರೋಡಾದಲ್ಲಿ ಮೊದಲಾಯಿತು. 1946ರ ಭೋರ್ ಸಮಿತಿ ಶಾಲಾ ಆರೋಗ್ಯದ ಬಗ್ಗೆ ಬರೆಯಿತು. ಆ ಬಳಿಕದ ದಶಕಗಳಲ್ಲಿ ಶಾಲೆಗೆ ಬರುತ್ತಿದ್ದ ಡಾಕ್ಟರು ಹಲ್ಲು, ಕಣ್ಣು, ತೂಕ ನೋಡಿ ಹೋಗುತ್ತಿದ್ದರು. 1970ರಲ್ಲಿ ರಾಷ್ಟ್ರೀಯ ರಕ್ತಹೀನತೆ ತಡೆ ಕಾರ್ಯಕ್ರಮ ಬಂದಾಗ ಅದರ ಕಣ್ಣಿದ್ದದ್ದು ಬಸುರಿಯರು, ಎಳೆಮಕ್ಕಳ ಮೇಲೆ. ಏಳನೇ ಕ್ಲಾಸಿನ ಹುಡುಗಿ ಬಸುರಿಯಾಗುವವರೆಗೆ ಸರ್ಕಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ ಅಂದರೆ ಉತ್ಪ್ರೇಕ್ಷೆಯೇನಲ್ಲ.

ನಮ್ಮ ಕಾಲ ಬಂದದ್ದು ಸಾಹ್ಲಿ ಕೊಳವೆಯ ಜೊತೆ. ರಕ್ತಕ್ಕೆ ಆಮ್ಲ ಬೆರೆಸಿ, ಹತ್ತು ನಿಮಿಷ ಕಾದು, ಕಂದುಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸುವುದು. ಮೋಡ ಕವಿದ ದಿನ ಒಬ್ಬರಿಗೆ ಹತ್ತು ಕಂಡದ್ದು ಇನ್ನೊಬ್ಬರಿಗೆ ಹನ್ನೊಂದು. ಆ ದಿನಗಳ ದೊಡ್ಡ ಜಗಳ ಮಾತ್ರೆ ದಿನಾ ಕೊಡಬೇಕೋ ವಾರಕ್ಕೊಮ್ಮೆಯೋ ಅನ್ನುವುದು. ದಿನವೂ ಕೊಟ್ಟರೆ ಕರುಳಿನ ಒಳಪೊರೆಯ ಕೋಶಗಳು ಕಬ್ಬಿಣದಿಂದ ತುಂಬಿಕೊಂಡು ಮರುದಿನದ್ದನ್ನು ಒಳಗೆ ಬಿಡುವುದಿಲ್ಲ, ಹೊಸ ಕೋಶ ಹುಟ್ಟಲು ಐದಾರು ದಿನ ಬೇಕು ಎಂದು ವಾರದ ಪಕ್ಷದವರು ವಾದಿಸುತ್ತಿದ್ದರು. ನಾನೂ ಆ ಪಕ್ಷವೇ. ಒಂದು ಡೋಸು ಬಿದ್ದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಒಂದು ದಿನದಷ್ಟು ಹೊತ್ತು ಕಬ್ಬಿಣದ ಬಾಗಿಲನ್ನು ಅರೆಮುಚ್ಚುತ್ತದೆ ಎಂದು ಆಮೇಲೆ ಗೊತ್ತಾಯಿತು. ನಾವು ಹೇಳಿದ ಕಾರಣ ಅರೆಬರೆ, ಸಲಹೆ ಮಾತ್ರ ಉಳಿಯಿತು. ಆದರೆ ವಾರದ ಮಾತ್ರೆ ತಡೆಗಾಗಿ. ರಕ್ತ ಆಗಲೇ ಕಡಿಮೆಯಾದವಳಿಗೆ ಅದು ಸಾಲದು, ಚಿಕಿತ್ಸೆಯ ಪ್ರಮಾಣವೇ ಬೇಕು. ಈ ಗೆರೆಯನ್ನು ಶಿಬಿರ ನಡೆಸುವವರು ಇಂದಿಗೂ ಅಳಿಸಿಬಿಡುತ್ತಾರೆ.

2012-13ರ ಹೊತ್ತಿಗೆ ವಾರದ ಮಾತ್ರೆ ದೇಶದ ಕಾರ್ಯಕ್ರಮವಾಯಿತು. 100 ಮಿಲಿಗ್ರಾಂ ಕಬ್ಬಿಣ, ಫೋಲಿಕ್ ಆಮ್ಲ, ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳು ಮಾತ್ರೆ. 2018ರ ಅನೀಮಿಯಾ ಮುಕ್ತ ಭಾರತ ಕಬ್ಬಿಣವನ್ನು 60 ಮಿಲಿಗ್ರಾಂಗೆ ಇಳಿಸಿತು. ಗೆಲ್ಲುವುದು ಸೋಲುವುದು ಮಾತ್ರ ತರಗತಿಯಲ್ಲಿ. ಖಾಲಿ ಹೊಟ್ಟೆಗೆ ಕೊಟ್ಟ ದಿನ ಇಬ್ಬರಿಗೆ ಓಕರಿಕೆ ಬಂದರೆ ಮುಂದಿನ ವಾರ ಅರ್ಧ ಕ್ಲಾಸಿನ ಮಾತ್ರೆ ಕಿಟಕಿಯಾಚೆ. ಮಲ ಕಪ್ಪಾಗುತ್ತದೆ, ಅದು ರೋಗವಲ್ಲ ಎಂದು ಮೊದಲೇ ಹೇಳದಿದ್ದರೆ ಮನೆಯಲ್ಲಿ ಅಮ್ಮನೇ ಬೇಡವೆನ್ನುತ್ತಾಳೆ. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಬೆಳಗಿನ ಹಾಲಿನ ಜೊತೆಗೇ ಮಾತ್ರೆಯನ್ನೂ ಮುಗಿಸುವ ಆಸೆ ಮೇಷ್ಟ್ರುಗಳಿಗೆ ಸಹಜ. ಹಾಲಿನ ಸುಣ್ಣದಂಶ ಕಬ್ಬಿಣಕ್ಕೆ ಅಡ್ಡಿ. ಬಿಸಿಯೂಟ ಆದಮೇಲೆ, ಟೀಚರ ಎದುರಿಗೇ ನುಂಗಬೇಕು. ನಮ್ಮ ಬಸವನಗುಡಿ ಮನೆಗಳ ಊಟದ ಮೇಲಿನ ಕಾಫಿ ಒಂದೆರಡು ಗಂಟೆ ತಡವಾಗಬೇಕು. ಹಾಗಾಗಿ ಮೊದಲ ಸೂಚಕ ಹಂಚಿದ ಮಾತ್ರೆಯ ಎಣಿಕೆಯಲ್ಲ. ತಿಂಗಳಲ್ಲಿ ನಾಲ್ಕಕ್ಕೆ ನಾಲ್ಕೂ ಎದುರಿಗೆ ನುಂಗಿದ ಹುಡುಗಿಯರು ಎಷ್ಟು ಅನ್ನುವುದು.

ಮುಟ್ಟಿನ ಶುಚಿತ್ವದ ಕತೆ ಬೇರೆ ದಾರಿಯಲ್ಲಿ ಬಂತು, ತಡವಾಗಿ ಬಂತು. ಕರ್ನಾಟಕದ ಶುಚಿ ಯೋಜನೆ 2013ರ ಸುಮಾರಿಗೆ ಆರಂಭವಾಗಿ, ಕೋವಿಡ್ ಹೊತ್ತಿಗೆ ನಿಂತು, 2024ರಲ್ಲಿ ಮತ್ತೆ ಶುರುವಾಯಿತು. ಅದರ ಲೆಕ್ಕವೆಲ್ಲ ಪ್ಯಾಕುಗಳದ್ದು. ಹುಡುಗಿ ಶಾಲೆಯಲ್ಲಿ ಪ್ಯಾಡು ಬದಲಿಸಿದಳೇ, ಚಿಲಕ ಹಾಕಿಕೊಳ್ಳುತ್ತಿತ್ತೇ, ನೀರಿತ್ತೇ, ಬಳಸಿದ್ದನ್ನು ಹಾಕಲು ಬುಟ್ಟಿಯಿತ್ತೇ, ದೊಡ್ಡವಳಾಗುವ ಮೊದಲೇ ಅವಳಿಗೆ ಯಾರಾದರೂ ಹೇಳಿದ್ದರೇ ಅನ್ನುವ ಪ್ರಶ್ನೆಗಳು ಅಂತರರಾಷ್ಟ್ರೀಯ ಸೂಚಕಪಟ್ಟಿಯಾಗಿ ಒಟ್ಟುಗೂಡಿದ್ದು 2022ರಲ್ಲಿ. ನನ್ನನ್ನು ಕೇಳಿದರೆ 'ಹೋದ ಸಲ ಮುಟ್ಟಾದಾಗ ಶಾಲೆಯಲ್ಲಿ ಬದಲಿಸಿದೆಯಾ?' ಎಂಬ ಒಂದು ಪ್ರಶ್ನೆ ಶೌಚಾಲಯದ ಹತ್ತು ಫೋಟೋಗಳಿಗಿಂತ ಮೇಲು.

ಇನ್ನು ಹಿಮೋಗ್ಲೋಬಿನ್ ಅಂಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 15ರಿಂದ 19ರ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಎಂದಿತು. ಅದಕ್ಕೂ ಮೊದಲು, 2016-18ರ ಸಮಗ್ರ ಪೋಷಣಾ ಸಮೀಕ್ಷೆ 10ರಿಂದ 19ರ ಹುಡುಗಿಯರಲ್ಲಿ ಸುಮಾರು ಶೇ. 40 ಎಂದಿತ್ತು. ವಯಸ್ಸಿನ ವ್ಯತ್ಯಾಸ ಸ್ವಲ್ಪ ಇದೆ, ಆದರೆ ಒಂದು ಬೆರಳ ತುದಿಯ ರಕ್ತ, ಇನ್ನೊಂದು ತೋಳಿನ ಸಿರೆಯ ರಕ್ತ. ನಮ್ಮೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ಅವರ ಸಹವರ್ತಿಗಳು ಅಳತೆಯ ಬಗ್ಗೆ, 12ರ ಗೆರೆಯ ಬಗ್ಗೆಯೂ ಎತ್ತಿದ ತಕರಾರು ನಮ್ಮ ಕ್ಷೇತ್ರದ ಅತ್ಯಂತ ಉಪಯುಕ್ತ ಜಗಳ. ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ಸಿರೆಯ ರಕ್ತವೇ ಮೇಲು ಎಂದಿತು.

ಒಂದು ಶಾಲೆಗೆ ಈ ಅಂಕಿಯ ಲೆಕ್ಕ ಹಾಕಿ ನೋಡೋಣ. ಎಂಟರಿಂದ ಹತ್ತರವರೆಗೆ 240 ಹುಡುಗಿಯರು, ನೂರಕ್ಕೆ 45 ಮಂದಿ 12ರ ಕೆಳಗೆ ಎಂದಿಟ್ಟುಕೊಳ್ಳಿ. ಇಷ್ಟು ಜನರಲ್ಲಿ ಈ ಶೇಕಡಾ ಲೆಕ್ಕ ಬರೀ ಆಕಸ್ಮಿಕದಿಂದಲೇ ಆರರಷ್ಟು ಆಚೀಚೆ ಆಡುತ್ತದೆ. ವರ್ಷಕ್ಕೆ ಮೂರಂಶ ಇಳಿಸುವುದು ರಾಷ್ಟ್ರೀಯ ಗುರಿ. ಅದು ಈಡೇರಿದರೂ ಈ ಶಾಲೆಯಲ್ಲಿ ಕಾಣದು, ಈಡೇರದಿದ್ದರೂ ಕಂಡಂತೆ ಆಗಬಹುದು. ಅದೇ ಮಕ್ಕಳನ್ನು, ಎಲ್ಲರನ್ನೂ, ಅದೇ ಯಂತ್ರದಲ್ಲಿ ವರ್ಷದ ಕೊನೆಗೆ ನೋಡಿ ಸರಾಸರಿ ಹಿಮೋಗ್ಲೋಬಿನ್ ಎಷ್ಟು ಸರಿಯಿತು ಎಂದು ಕೇಳಿದರೆ ಕಾಲು ಗ್ರಾಂನ ಬದಲಾವಣೆಯೂ ಹಿಡಿತಕ್ಕೆ ಸಿಗುತ್ತದೆ. ಇನ್ನೂ ಆರಂಭಿಸದ ಪಕ್ಕದ ಶಾಲೆಯೊಂದನ್ನು ಜೊತೆಗಿಟ್ಟುಕೊಂಡರೆ ಬಿಸಿಯೂಟ, ವಯಸ್ಸು, ಋತುವಿನ ಪಾಲನ್ನು ಬೇರ್ಪಡಿಸಲೂ ಬರುತ್ತದೆ.

ಇಷ್ಟಾದರೂ ಒಂದು ಕಾಲಂ ಯಾರ ಪುಸ್ತಕದಲ್ಲೂ ಇಲ್ಲ. ಮುಟ್ಟಿನಲ್ಲಿ ಹೋಗುವ ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣ. ತಿಂಗಳಿಗೆ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ. ನಾಲ್ಕು ವಾರದ ಮಾತ್ರೆಯ 240 ಮಿಲಿಗ್ರಾಂನಲ್ಲಿ ಹತ್ತರಲ್ಲೊಂದು ಪಾಲು ಮೈಗೆ ಹತ್ತಿದರೂ 24 ಸಿಕ್ಕಿ ಸರಿಹೋಯಿತು. 80ಕ್ಕಿಂತ ಹೆಚ್ಚು ಹೋಗುವವಳಿಗೆ ಆ ಮಾತ್ರೆ ತೂತು ಮಡಕೆಗೆ ಸುರಿದ ನೀರು. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಏಳು ದಿನಕ್ಕೂ ಮೀರುತ್ತದೆಯೇ, ಒಂದೆರಡು ಗಂಟೆಗೇ ಪ್ಯಾಡು ತೊಯ್ಯುತ್ತದೆಯೇ, ಗಡ್ಡೆ ಹೋಗುತ್ತದೆಯೇ ಎಂದು ಕೇಳಿದರೆ ಸಾಕು.

ನಮ್ಮ ಬಡಾವಣೆಗೆ ಹತ್ತಿರದ ಶಾಲೆಯೊಂದರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ರಕ್ತ ವರ್ಷವಿಡೀ ಮಾತ್ರೆ ನುಂಗಿದರೂ ಏರಲಿಲ್ಲ. ಕೊನೆಗೆ ಆಯಮ್ಮ ಕೇಳಿದ್ದಕ್ಕೆ, ಹತ್ತು ಪ್ಯಾಡಿನ ಪ್ಯಾಕು ತನಗೆ ಎರಡು ದಿನಕ್ಕೂ ಬರುವುದಿಲ್ಲ, ಅಕ್ಕನ ಪಾಲಿನದನ್ನೂ ತಾನೇ ಬಳಸುತ್ತೇನೆ ಅಂದಳಂತೆ. ಆಮೇಲೆ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯವರೆಗೆ ಸ್ಟಾಫ್ ರೂಮಿನ ಒಂದು ಬೀರುವಿನಲ್ಲಿದ್ದ ನೀಲಿ ಮಾತ್ರೆಯ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಸೇವಿಸಿದ್ದಾಳೆ' ಎಂದಿತ್ತು, ಪಕ್ಕದ ಬೀರುವಿನ ಶುಚಿ ರಿಜಿಸ್ಟರಿನಲ್ಲಿ 'ಪಡೆದಿದ್ದಾಳೆ' ಎಂದಿತ್ತು.