ಪ್ರಿಸಾಲ್ವ್ ಮತ್ತು ಸ್ಕೇಲಿಂಗ್

ರೇಖೀಯ ಪ್ರೋಗ್ರಾಮಿಂಗ್‌ನ ಲೆಕ್ಕಗಳನ್ನು ಬಿಡಿಸುವ ಸಾಲ್ವರ್ ತಂತ್ರಾಂಶಗಳು ಮುಖ್ಯ ಗಣನೆಗೆ ಇಳಿಯುವ ಮುನ್ನ ಮಾಡಿಕೊಳ್ಳುವ ಎರಡು ಸಿದ್ಧತೆಗಳಿವು. ಪ್ರಿಸಾಲ್ವ್ ಎಂದರೆ ಲೆಕ್ಕದಲ್ಲಿ ಅನವಶ್ಯಕವಾದದ್ದನ್ನು ಮೊದಲೇ ತೆಗೆದುಹಾಕುವುದು. ಸ್ಕೇಲಿಂಗ್ ಎಂದರೆ ಗುಣಾಂಕಗಳ ಮಾತೃಕೆಯ ಒಂದೊಂದು ಅಡ್ಡಸಾಲನ್ನೂ ಕಂಬಸಾಲನ್ನೂ ಸೂಕ್ತ ಸಂಖ್ಯೆಯಿಂದ ಗುಣಿಸಿ, ತೀರ ದೊಡ್ಡ ಮತ್ತು ತೀರ ಚಿಕ್ಕ ಗುಣಾಂಕಗಳ ನಡುವಿನ ಅಂತರವನ್ನು ತಗ್ಗಿಸುವುದು. ಅಡ್ಡಸಾಲನ್ನು ಗುಣಿಸಿದರೆ ನಿರ್ಬಂಧದ ಮಾನ ಬದಲಾಗುತ್ತದೆ, ಕಂಬಸಾಲನ್ನು ಗುಣಿಸಿದರೆ ಚರಾಕ್ಷರದ ಮಾನ ಬದಲಾಗುತ್ತದೆ. ಗಣಿತದ ದೃಷ್ಟಿಯಲ್ಲಿ ಲೆಕ್ಕ ಹಾಗೆಯೇ ಉಳಿಯುತ್ತದೆ. ಕಂಪ್ಯೂಟರಿನ ದೃಷ್ಟಿಯಲ್ಲಿ ಉಳಿಯುವುದಿಲ್ಲ. ಈ ವಿಷಯದ ಇತಿಹಾಸ ಬೆಳೆದದ್ದೇ ಈ ವ್ಯತ್ಯಾಸದಿಂದ.

64 ಬಿಟ್‌ಗಳ ತೇಲುಬಿಂದು ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳಷ್ಟೇ ನಿಲ್ಲುತ್ತವೆ. ಮಿಕ್ಕದ್ದು ಪ್ರತಿ ಹೆಜ್ಜೆಯಲ್ಲೂ ಉದುರಿಹೋಗುತ್ತದೆ. ಆಗುವ ಹಾನಿಯನ್ನು ಕಣ್ಣಾರೆ ಕಾಣಲು, ಮೂರೇ ಅಂಕಿ ಉಳಿಸಿಕೊಳ್ಳುವ ಯಂತ್ರವೊಂದನ್ನು ಊಹಿಸಿಕೊಂಡು ಎರಡು ಸಮೀಕರಣಗಳನ್ನು ಬಿಡಿಸಿದರೆ ಸಾಕು. ಮೊದಲನೆಯದು ರೂಪಾಯಿಯ ಲೆಕ್ಕ, ಎರಡನೆಯದು ಒಟ್ಟು ಪ್ರಮಾಣದ ಲೆಕ್ಕ.

```
10x + 100000y = 100000
  x +      y  = 2
```

ನಿಜವಾದ ಉತ್ತರದಲ್ಲಿ x ಸುಮಾರು 1.0001, y ಸುಮಾರು 0.9999. ಚರಾಕ್ಷರಗಳನ್ನು ಒಂದೊಂದಾಗಿ ಕಳೆಯುವಾಗ ಕಂಬಸಾಲಿನ ದೊಡ್ಡ ಗುಣಾಂಕವನ್ನೇ ಆಧಾರವಾಗಿ ಆರಿಸಬೇಕೆಂಬುದು ರೂಢಿಯ ನಿಯಮ. ಚಿಕ್ಕದರಿಂದ ಭಾಗಿಸಿದರೆ ತಪ್ಪು ಹಿಗ್ಗುತ್ತದೆ ಎಂಬುದು ಅದರ ಹಿಂದಿನ ಕಾಳಜಿ. x ಕಂಬಸಾಲಿನಲ್ಲಿ 10 ದೊಡ್ಡದು. ಮೊದಲ ಸಮೀಕರಣದ ಹತ್ತನೇ ಒಂದು ಭಾಗವನ್ನು ಎರಡನೆಯದರಿಂದ ಕಳೆದರೆ −9999y = −9998 ಎಂದಾಗುತ್ತದೆ. ಮೂರು ಅಂಕಿಗೆ ಇಳಿಸಿದಾಗ ಎರಡೂ −10000 ಆಗಿ, y = 1 ಎಂದು ಬರುತ್ತದೆ. ಅದನ್ನು ಮೊದಲ ಸಮೀಕರಣಕ್ಕೆ ಹಾಕಿದರೆ 10x = 0, ಅಂದರೆ x = 0. ಎರಡನೇ ಸಮೀಕರಣದಲ್ಲಿ ಇಟ್ಟುನೋಡಿದರೆ ಎಡಗಡೆ 1, ಬಲಗಡೆ 2.

ಈಗ ಮೊದಲ ಸಾಲನ್ನು ರೂಪಾಯಿಯ ಬದಲು ಲಕ್ಷ ರೂಪಾಯಿಯಲ್ಲಿ ಬರೆಯೋಣ: 0.0001x + y = 1. ಇದಿಷ್ಟೇ ಬದಲಾವಣೆ. x ಕಂಬಸಾಲಿನಲ್ಲಿ ಈಗ ಎರಡನೇ ಸಾಲಿನ 1 ದೊಡ್ಡದಾದ್ದರಿಂದ ಆಧಾರವಾಗಿ ಅದೇ ಆರಿಸಲ್ಪಡುತ್ತದೆ. ಕಳೆದಾಗ 0.9999y = 0.9998; ಮೂರು ಅಂಕಿಯಲ್ಲಿ y = 1. ಎರಡನೇ ಸಾಲಿನಿಂದ x = 2 − 1 = 1. ಯಂತ್ರ ಅದೇ, ಅಂಕಿಗಳೂ ಅಷ್ಟೇ, ಉತ್ತರ ಮಾತ್ರ ಸರಿಯಾಯಿತು. ಮೊದಲ ಸಲ ನಿಯಮವನ್ನು ದಾರಿ ತಪ್ಪಿಸಿದ್ದು 10 ಎಂಬ ಸಂಖ್ಯೆಯ ಹುಸಿ ದೊಡ್ಡತನ. ತನ್ನ ಸಾಲಿನ 1,00,000ದ ಪಕ್ಕದಲ್ಲಿ ಅದು ತೀರ ಚಿಕ್ಕದು.

ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನದಲ್ಲಿ ಇಂಥ ಕಳೆಯುವಿಕೆ ಸಾವಿರಾರು ಸಲ ನಡೆಯುತ್ತದೆ. ಒಳ್ಳೆಯ ಮಾನವನ್ನು ಆರಿಸುವ ಕೆಲಸವನ್ನು ಯಂತ್ರಕ್ಕೇ ವಹಿಸುವ ಯತ್ನಗಳಲ್ಲಿ ಮುಖ್ಯವಾದದ್ದು 1962ರಲ್ಲಿ ಫುಲ್ಕರ್ಸನ್ ಮತ್ತು ವುಲ್ಫ್ ಪ್ರಕಟಿಸಿದ ಕ್ರಮ. ಮಾತೃಕೆಯ ಅತಿ ದೊಡ್ಡ ಮತ್ತು ಅತಿ ಚಿಕ್ಕ ಗುಣಾಂಕಗಳ ಅನುಪಾತವನ್ನು ಆದಷ್ಟು ತಗ್ಗಿಸುವುದು ಅದರ ಗುರಿ. ಆದರೆ ಎರಡೇ ಗುಣಾಂಕಗಳು ಇಡೀ ತೀರ್ಮಾನವನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಈ ಅಳತೆಯ ಕೊರತೆ. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿದ್ದ ಕರ್ಟಿಸ್ ಮತ್ತು ರೀಡ್ 1972ರಲ್ಲಿ ಎಲ್ಲ ಗುಣಾಂಕಗಳಿಗೂ ಮಾತು ಕೊಟ್ಟರು: ಸ್ಕೇಲಿಂಗ್ ಆದಮೇಲೆ ಸೊನ್ನೆಯಲ್ಲದ ಪ್ರತಿ ಗುಣಾಂಕದ ಲಘುಗಣಕವನ್ನು ವರ್ಗಮಾಡಿ ಕೂಡಿಸಿದರೆ ಬರುವ ಮೊತ್ತ ಕನಿಷ್ಠವಾಗಬೇಕು. ರೇಖೀಯ ಪ್ರೋಗ್ರಾಮಿಂಗ್‌ನಲ್ಲಿ ಇಂಥ ವಿಧಾನಗಳನ್ನು ಹೋಲಿಸಿ ನೋಡಿದ ಟಾಮ್ಲಿನ್ನರ ಲೇಖನ 1975ರದ್ದು. ಇಲ್ಲೊಂದು ಸೊಗಸಾದ ರೂಢಿಯನ್ನು ಹೇಳಲೇಬೇಕು. ಗುಣಿಸುವ ಸಂಖ್ಯೆಯನ್ನು ಎರಡರ ಘಾತಕ್ಕೆ ಹೊಂದಿಸಿಕೊಂಡರೆ ದ್ವಿಮಾನದಲ್ಲಿ ಘಾತಾಂಕ ಮಾತ್ರ ಬದಲಾಗಿ, ಸ್ಕೇಲಿಂಗ್‌ನಿಂದಲೇ ಹೊಸ ತಪ್ಪು ನುಸುಳುವುದು ತಪ್ಪುತ್ತದೆ.

ಅದೇ 1975ರಲ್ಲಿ ಬ್ರಿಯರ್ಲಿ, ಮಿತ್ರ ಮತ್ತು ವಿಲಿಯಮ್ಸ್, ಸಿಂಪ್ಲೆಕ್ಸ್‌ಗೆ ಕೊಡುವ ಮುಂಚೆ ಲೆಕ್ಕವನ್ನು ಪರಿಶೀಲಿಸುವ ಬಗೆಯನ್ನು ಬರೆದರು. 3x ≤ 12 ಎಂಬ ಸಾಲು x ≤ 4 ಎಂಬ ಮಿತಿಯಾಗಿ ಬದಲಾಗಿ ಸಾಲೇ ಅಳಿಯುತ್ತದೆ. ಮಿತಿಗಳಿಂದಲೇ ಈಡೇರುವ ನಿರ್ಬಂಧಗಳು ಹೊರಬೀಳುತ್ತವೆ. ಒಂದು ಕಡಿತ ಇನ್ನೊಂದಕ್ಕೆ ದಾರಿ ಮಾಡುತ್ತದೆ. 1995ರಲ್ಲಿ ಆಂಡರ್ಸನ್ ಮತ್ತು ಆಂಡರ್ಸನ್ ಬರೆದ ಲೇಖನ ಈ ಕ್ರಮಗಳನ್ನು ವಿಸ್ತರಿಸಿತು.

ಪ್ರಿಸಾಲ್ವ್ ತಾನೇ ಸಂಖ್ಯಾತ್ಮಕ ತೊಂದರೆ ತಂದೊಡ್ಡುವುದೂ ಉಂಟು. 0.001x + y = 5 ಎಂಬ ಸಾಲಿನಿಂದ x = 5000 − 1000y ಎಂದು ಪಡೆದು ಬೇರೆ ಸಾಲುಗಳಲ್ಲಿ ಇಟ್ಟರೆ, ಅಲ್ಲೆಲ್ಲ x ಇದ್ದ ಗುಣಾಂಕದ ಸಾವಿರ ಪಟ್ಟು y ಕಡೆಗೆ ಸೇರುತ್ತದೆ. ಕೊನೆಯಲ್ಲಿ x ಬೆಲೆಯನ್ನು ಮರಳಿ ಪಡೆಯುವಾಗ y ಯಲ್ಲಿದ್ದ 10^-6 ತಪ್ಪು 10^-3 ಆಗುತ್ತದೆ. ಅದಕ್ಕಾಗಿಯೇ ಒಳ್ಳೆಯ ಸಾಲ್ವರ್‌ಗಳು ಇಂಥ ಚಿಕ್ಕ ಗುಣಾಂಕದಿಂದ ಭಾಗಿಸುವ ಬದಲಿಕೆಯನ್ನು ಬಿಟ್ಟುಬಿಡುತ್ತವೆ.

ಸ್ಕೇಲಿಂಗ್‌ಗೂ ತನ್ನದೇ ಆದ ಮಿತಿಯಿದೆ. ನಿರ್ಬಂಧ ಈಡೇರಿತೆಂದು ಒಪ್ಪಲು ಸಾಲ್ವರ್‌ಗಳು ಸಾಮಾನ್ಯವಾಗಿ 10^-6 ಅಥವಾ ಅದರ ಆಸುಪಾಸಿನ ತಪ್ಪನ್ನು ಸಹಿಸುತ್ತವೆ. ಆ ಪರೀಕ್ಷೆ ನಡೆಯುವುದು ಸ್ಕೇಲ್ ಮಾಡಿದ ಸಾಲಿನ ಮೇಲೆ. ಮೇಲಿನ ಲಕ್ಷ ರೂಪಾಯಿಯ ಸಾಲಿನಲ್ಲಿ 10^-6 ಎಂದರೆ ಮೂಲ ಲೆಕ್ಕದಲ್ಲಿ 10 ಪೈಸೆ, ಚಿಂತೆಯಿಲ್ಲ. ಮೂಲ ಸಾಲು ಕೂದಲೆಳೆಯಷ್ಟು ತಪ್ಪನ್ನೂ ಸಹಿಸದಂಥದ್ದಾದರೆ ಚಿಂತೆಯುಂಟು. ಸಿಪ್ಲೆಕ್ಸ್ ಎಂಬ ಸಾಲ್ವರ್‌ನಲ್ಲಿ ಈ ಸ್ಥಿತಿಗೆಂದೇ CPX_STAT_OPTIMAL_INFEAS ಎಂಬ ಸಂಕೇತವಿದೆ: ಸ್ಕೇಲ್ ಮಾಡಿದ ಲೆಕ್ಕಕ್ಕೆ ಉತ್ತರ ಸಿಕ್ಕಿದೆ, ಮೂಲಕ್ಕೆ ಮರಳಿಸಿದಾಗ ನಿರ್ಬಂಧ ಮುರಿಯುತ್ತಿದೆ. ಗುರೋಬಿ ಎಂಬ ಇನ್ನೊಂದು ಸಾಲ್ವರ್ ತನ್ನ ಲಾಗ್‌ನ ಆರಂಭದಲ್ಲೇ Matrix range ಎಂದು ಅತಿ ಚಿಕ್ಕ ಮತ್ತು ಅತಿ ದೊಡ್ಡ ಗುಣಾಂಕಗಳನ್ನು ತೋರಿಸುತ್ತದೆ. ತೊಂದರೆಯ ಮೊದಲ ಸುಳಿವು ಹೆಚ್ಚಾಗಿ ಸಿಗುವುದು ಆ ಸಾಲಿನಲ್ಲಿ.

ಪೂರ್ಣಾಂಕ ಚರಾಕ್ಷರಗಳಿರುವ ಲೆಕ್ಕದಲ್ಲಿ ಸ್ಕೇಲಿಂಗ್ ಕೈಚೆಲ್ಲುವ ಒಂದು ಸಂದರ್ಭವಿದೆ. ಯಂತ್ರ ಚಾಲೂ ಇದ್ದರೆ ಮಾತ್ರ ಉತ್ಪಾದನೆ ಎಂಬುದನ್ನು x ≤ 1000000y ಎಂದು ಬರೆಯುವ ಅಭ್ಯಾಸ ವ್ಯಾಪಕ. ಇಲ್ಲಿ y ಸೊನ್ನೆ ಅಥವಾ ಒಂದು. ಗುರೋಬಿ ಮತ್ತು ಸಿಪ್ಲೆಕ್ಸ್ ಎರಡರಲ್ಲೂ ಪೂರ್ಣಾಂಕಕ್ಕೆ ಸಹಿಸುವ ಸಹಜ ತಪ್ಪು 10^-5. ಹೀಗಾಗಿ y = 0.00001 ಎಂಬುದು ಸೊನ್ನೆಯೆಂದೇ ಅಂಗೀಕಾರವಾಗಿ, ನಿಂತ ಯಂತ್ರದಿಂದ 10 ವಸ್ತುಗಳು ಹೊರಬರುತ್ತವೆ. x ಅನ್ನು ದಶಲಕ್ಷದ ಮಾನದಲ್ಲಿ ಬರೆದು ಗುಣಾಂಕಗಳನ್ನೆಲ್ಲ 1 ಮಾಡಿದರೂ ಆ 10 ವಸ್ತುಗಳು ಅಲ್ಲೇ ಇರುತ್ತವೆ. ಇಲ್ಲಿ ನೆರವಾಗುವುದು ಪ್ರಿಸಾಲ್ವ್. ಬೇರೆ ನಿರ್ಬಂಧಗಳಿಂದ x ಎಂದೂ 400 ಮೀರದೆಂದು ತಿಳಿದರೆ ಅದು ಸಾಲನ್ನು x ≤ 400y ಎಂದು ಬಿಗಿಮಾಡುತ್ತದೆ, ಸೋರಿಕೆ 0.004ಕ್ಕೆ ಇಳಿಯುತ್ತದೆ. ಗುಣಾಂಕ ಬಿಗಿಗೊಳಿಸುವ ಇಂಥ ಕ್ರಮಗಳನ್ನು ಸಾವೆಲ್ಸ್‌ಬರ್ಗ್ 1994ರಲ್ಲಿ ವಿವರವಾಗಿ ಬರೆದರು. 400 ಎಂಬ ಮಿತಿ ಲೆಕ್ಕದಲ್ಲಿ ಎಲ್ಲೂ ಇಲ್ಲದಿದ್ದರೆ ಸಾಲ್ವರ್‌ಗೆ ಅದು ಹೊಳೆಯುವುದಿಲ್ಲ. ಮಾದರಿ ಬರೆಯುವವರೇ ಕೊಡಬೇಕು.

ಇತ್ತೀಚಿನ ತಿರುವು ಸ್ಕೇಲಿಂಗ್‌ನ ಪಾತ್ರವನ್ನೇ ಬದಲಿಸಿದೆ. ಗೂಗಲ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪಿಡಿಎಲ್‌ಪಿ ಸಾಲ್ವರ್ ಮಾತೃಕೆಯನ್ನು ವಿಭಜಿಸುವ ಗೋಜಿಗೆ ಹೋಗದೆ ಮಾತೃಕೆ–ಸದಿಶ ಗುಣಾಕಾರಗಳಿಂದಲೇ ಉತ್ತರದತ್ತ ಸಾಗುತ್ತದೆ. ಅಲ್ಲಿ ಕೆಟ್ಟ ಗುಣಾಂಕಗಳು ಅಂಕಿ ಉದುರಿಸುವುದಕ್ಕಿಂತ ಹೆಚ್ಚಾಗಿ ಸಾಗುವ ವೇಗವನ್ನೇ ಕುಗ್ಗಿಸುತ್ತವೆ. ಆದ್ದರಿಂದ ಅದು ಪ್ರಿಸಾಲ್ವ್ ಮುಗಿಸಿ, ಡೇನಿಯಲ್ ರೂಯಿಸ್ 2001ರಲ್ಲಿ ಸೂಚಿಸಿದ ಕ್ರಮವನ್ನು ಬಳಸುತ್ತದೆ: ಪ್ರತಿ ಅಡ್ಡಸಾಲು ಮತ್ತು ಕಂಬಸಾಲನ್ನು ಅದರ ಅತಿ ದೊಡ್ಡ ಗುಣಾಂಕದ ವರ್ಗಮೂಲದಿಂದ ಭಾಗಿಸುವುದು, ಮತ್ತೆ ಭಾಗಿಸುವುದು. ಸುತ್ತುಗಳು ಮುಂದುವರಿದಂತೆ ಎಲ್ಲ ಸಾಲುಗಳ ಅತಿ ದೊಡ್ಡ ಗುಣಾಂಕ 1ರತ್ತ ಬರುತ್ತದೆ.