ಆಣಿ ಮತ್ತು ಜಡ್ಡು

ಬಿಗಿಯಾದ ಪಾದರಕ್ಷೆ ದಿನವೂ ಒಂದೇ ಜಾಗವನ್ನು ಒತ್ತಿ ಉಜ್ಜಿದಾಗ ಅಲ್ಲಿನ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ. ಹೀಗೆ ಅಗಲವಾಗಿ ಹರಡಿದ, ಹಳದಿ ಬಣ್ಣಕ್ಕೆ ತಿರುಗಿದ ದಪ್ಪ ಚರ್ಮವೇ ಜಡ್ಡು. ಒತ್ತಡವೆಲ್ಲ ಎಲುಬು ಉಬ್ಬಿದ ಒಂದು ಚಿಕ್ಕ ಜಾಗದ ಮೇಲೆ ಬಿದ್ದರೆ ಗಟ್ಟಿ ಚರ್ಮ ಮೊನೆಯಾಗಿ ಒಳಮುಖಕ್ಕೆ ಬೆಳೆದು ನರಗಳನ್ನು ಚುಚ್ಚುತ್ತದೆ. ಇದು ಆಣಿ. ಸೋಲಾಪುರ, ಅಕ್ಕಲಕೋಟೆ ಕಡೆಯವರಿಗೆ ‘ಕುರೂಪ’ ಎಂಬ ಮರಾಠಿ ಹೆಸರೂ ಗೊತ್ತು.

ಈ ಭಾಗದಲ್ಲಿ ಕೊಲ್ಹಾಪುರಿ ಚಪ್ಪಲಿ ಹಳೆಯ ರೂಢಿ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನ ವ್ಯಾಪ್ತಿಯಲ್ಲಿ ಸೋಲಾಪುರ ಜಿಲ್ಲೆಯೂ ಇದೆ, ಗಡಿಯಾಚೆಯ ವಿಜಯಪುರ, ಬಾಗಲಕೋಟೆಗಳೂ ಇವೆ. ಹೊಸ ಜೋಡಿಯ ತೊಗಲು ಬಿರುಸಾಗಿರುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ಮೆತ್ತಗಾಗಿಸುವ ರೂಢಿ ಒಳ್ಳೆಯದೇ. ಹಾಗೆ ಮಾಡದೆ ಮೊದಲ ದಿನವೇ ದೂರ ನಡೆದರೆ ಉಂಗುಟ ಹೆಬ್ಬೆರಳನ್ನೂ ಪಟ್ಟಿ ಪಾದದ ಮೇಲ್ಭಾಗವನ್ನೂ ಉಜ್ಜುತ್ತವೆ. ಮುಂಭಾಗ ಕಿರಿದಾದ ಬೂಟು ಕಿರುಬೆರಳಿನ ಹೊರಬದಿಯನ್ನೂ ಮಡಚಿಕೊಂಡ ಬೆರಳಿನ ಗಿಣ್ಣನ್ನೂ ಒತ್ತುತ್ತದೆ. ಕೊನೆಯ ಎರಡು ಬೆರಳುಗಳ ಸಂದಿಯಲ್ಲಿ ಬೆವರಿನಿಂದ ನೆನೆದು ಬೆಳ್ಳಗಾಗುವ ಮೆತ್ತನೆಯ ಆಣಿಯೂ ಉಂಟು. ಅದನ್ನು ಕೆಸರುಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ.

ಕೋಜಾಗಿರಿ ಹುಣ್ಣಿಮೆಗೆ ಸೋಲಾಪುರದಿಂದ ತುಳಜಾಪುರಕ್ಕೆ ಬರಿಗಾಲಲ್ಲಿ ನಡೆದು ಹೋಗುವ ಭಕ್ತರಲ್ಲಿ ಬರಿಗಾಲ ರೂಢಿ ಇದ್ದವರ ಅಂಗಾಲು ಪೂರ್ತಿ ಜಡ್ಡುಗಟ್ಟಿರುತ್ತದೆ, ಆದರೂ ನೋಯುವುದಿಲ್ಲ. ಭಾರ ಇಡೀ ಅಂಗಾಲಿಗೆ ಹಂಚಿಹೋಗುವುದೇ ಅದಕ್ಕೆ ಕಾರಣ. ನೋಯದ, ಬಿರುಕು ಬಿಡದ ಅಂಥ ಜಡ್ಡನ್ನು ಕೆರೆದು ತೆಗೆಯಬೇಕಾಗಿಲ್ಲ.

ಅಂಗಾಲಿನ ಗಂಟೆಲ್ಲ ಆಣಿಯಲ್ಲ, ವೈರಸ್‌ನಿಂದ ಹುಟ್ಟುವ ನರುಲಿಯೂ ಹಾಗೇ ಕಾಣುತ್ತದೆ. ಸಾಮಾನ್ಯವಾಗಿ ಆಣಿ ನೇರವಾಗಿ ಒತ್ತಿದರೆ ನೋಯುತ್ತದೆ, ನರುಲಿ ಎರಡೂ ಬದಿಯಿಂದ ಹಿಂಡಿದರೆ ನೋಯುತ್ತದೆ. ನರುಲಿಯಲ್ಲಿ ಚರ್ಮದ ಗೆರೆಗಳು ತುಂಡಾಗಿ ಸಣ್ಣ ಕಪ್ಪು ಚುಕ್ಕಿಗಳು ಕಾಣಿಸಬಹುದು. ಅದನ್ನು ಉಜ್ಜಿದರೆ ಬೇರೆ ಕಡೆಗೂ ಹರಡೀತು.

ಸಕ್ಕರೆ ಕಾಯಿಲೆಯಿಲ್ಲದ, ಕಾಲಿಗೆ ರಕ್ತ ಚೆನ್ನಾಗಿ ಹರಿಯುವ, ಸ್ಪರ್ಶ ಸರಿಯಾಗಿರುವ ವ್ಯಕ್ತಿ ಮನೆಯಲ್ಲೇ ಆಣಿಯನ್ನು ಮೆತ್ತಗಾಗಿಸಬಹುದು. ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ನೆನೆಸಬೇಕು. ಚರ್ಮ ಮೆತ್ತಗಾದ ಮೇಲೆ ಒದ್ದೆಯಾದ ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ ಮೇಲಿನ ಪದರವನ್ನಷ್ಟೇ ತೆಗೆಯಬೇಕು. ಗುಲಾಬಿ ಬಣ್ಣ ಕಂಡರೆ, ಉರಿದರೆ ಅಲ್ಲಿಗೇ ನಿಲ್ಲಿಸಬೇಕು. ಒರೆಸಿಕೊಂಡು ಯೂರಿಯಾ ಇರುವ ಕ್ರೀಮನ್ನೋ ವ್ಯಾಸಲೀನನ್ನೋ ಹಚ್ಚಬೇಕು. ಬೆರಳ ಸಂದಿಗೆ ಮಾತ್ರ ಬೇಡ. ಒಂದೇ ಸಲಕ್ಕೆ ಪೂರ್ತಿ ತೆಗೆಯುವ ಆತುರವೇ ಗಾಯಕ್ಕೆ ದಾರಿ. ಔಷಧದಂಗಡಿಯ ಕಾರ್ನ್ ಕ್ಯಾಪ್‌ನಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಸತ್ತ ಚರ್ಮ, ಜೀವಂತ ಚರ್ಮ ಎಂಬ ಭೇದವಿಲ್ಲ, ಆಣಿಯಿಂದಾಚೆ ಸರಿದರೆ ಸುತ್ತಲಿನ ಚರ್ಮವನ್ನೂ ಸುಡುತ್ತದೆ.

ಹಳ್ಳಿಗಳಲ್ಲಿ ಕೇರುಬೀಜವನ್ನು, ಅಂದರೆ ಮರಾಠಿಯ ಬಿಬ್ಬೆಯನ್ನು, ಕಾಯಿಸಿ ಅದರ ಎಣ್ಣೆಯನ್ನು ಆಣಿಗೆ ಮುಟ್ಟಿಸುವುದುಂಟು. ಆ ಎಣ್ಣೆ ಚರ್ಮಕ್ಕೆ ಬೊಬ್ಬೆ ಎಬ್ಬಿಸುತ್ತದೆ. ಕೆಲವರಿಗೆ ಮೈಯೆಲ್ಲ ತುರಿಕೆಯೇಳುತ್ತದೆ.

ಬ್ಲೇಡಿನಿಂದ ಕೊಯ್ಯುವುದರ ಅಪಾಯ ಬೇರೆ ಬಗೆಯದು. ಗಟ್ಟಿ ಪದರ ಎಲ್ಲಿ ಮುಗಿಯುತ್ತದೆ, ಜೀವಂತ ಚರ್ಮ ಎಲ್ಲಿ ಶುರುವಾಗುತ್ತದೆ ಎಂಬುದು ಬಗ್ಗಿ ಕೂತು ತನ್ನ ಕಾಲನ್ನು ತಾನೇ ಕೊಯ್ಯುವವರಿಗೆ ಕಾಣುವುದಿಲ್ಲ. ಬ್ಲೇಡು ತುಸು ಆಳಕ್ಕಿಳಿದರೆ ರಕ್ತ ಬರುತ್ತದೆ, ದಿನವಿಡೀ ನೆಲ ಮುಟ್ಟುವ ಆ ಜಾಗಕ್ಕೆ ಸೋಂಕು ತಗಲುತ್ತದೆ, ಧನುರ್ವಾಯುವಿನ ಭಯವೂ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮರಗಟ್ಟಿದವರಿಗೆ ಕೊಯ್ದದ್ದೇ ತಿಳಿಯದೆ ಹೋಗಬಹುದು. ಅವರ ಜಡ್ಡಿನ ಕೆಳಗೆ ಮೊದಲೇ ಹುಣ್ಣು ಬಲಿತಿರಬಹುದು. ಜಡ್ಡಿನೊಳಗೆ ಕಂದು ಕಲೆ ಇಣುಕಿದರೆ ಅದು ರಕ್ತ ಒಸರಿದ ಗುರುತು. ಇಂಥವರು ಬ್ಲೇಡು, ಕಾರ್ನ್ ಕ್ಯಾಪ್, ಕಾಲು ನೆನೆಸುವುದು ಮೂರನ್ನೂ ಬಿಡಬೇಕು. ನೀರಿನ ಬಿಸಿಯೂ ಅವರಿಗೆ ತಿಳಿಯುವುದಿಲ್ಲ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೂ ಬ್ಲೇಡು, ಕಾರ್ನ್ ಕ್ಯಾಪ್, ಬಿಸಿನೀರು ಬೇಡ.

ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವನೊಬ್ಬನ ಎಡ ಕಿರುಬೆರಳಿಗೆ ಆಣಿಯಾಗಿದೆ ಎನ್ನೋಣ. ಅವನು ಪ್ರತಿ ತಿಂಗಳೂ ಕೊಯ್ದು ತೆಗೆಯುತ್ತಾನೆ, ಅದು ಮತ್ತೆ ಬರುತ್ತದೆ. ಬೂಟನ್ನು ಕಾಗದದ ಮೇಲಿಟ್ಟು ಅಂಚಿನ ಗುಂಟ ಗೆರೆ ಎಳೆದು, ಅದರ ಮೇಲೆ ಬರಿಗಾಲಲ್ಲಿ ನಿಂತರೆ ಕಿರುಬೆರಳು ಗೆರೆಯಾಚೆ ಹೋಗುತ್ತದೆ. ಕಾರಣ ಅಲ್ಲಿದೆ. ಸಂಜೆ, ಕಾಲು ತುಸು ಊದಿರುವ ಹೊತ್ತಿನಲ್ಲಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಯುವ, ಮುಂಭಾಗ ಅಗಲವಾದ ಜೋಡು ಕೊಂಡು, ನಡುವೆ ತೂತಿರುವ ಮೆತ್ತನೆಯ ಪಟ್ಟಿಯನ್ನು ಆಣಿಯ ಸುತ್ತ ಅಂಟಿಸಿಕೊಂಡರೆ ಕೆಲವು ವಾರಗಳಲ್ಲಿ ಆಣಿ ತಾನೇ ಕರಗುತ್ತ ಬರುತ್ತದೆ.

ಹಾಗೂ ನೋವು ಉಳಿದರೆ, ಸುತ್ತ ಕೆಂಪಾಗಿ ಬಿಸಿಯೆನಿಸಿದರೆ, ಕೀವು ಒಸರಿದರೆ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಅಲ್ಲಿಯವರೆಗೂ ಕಾಯಬಾರದು, ಆಣಿ ಕಂಡ ಕೂಡಲೇ ತೋರಿಸಬೇಕು. ವೈದ್ಯರು ಕ್ರಿಮಿಶುದ್ಧ ಅಲಗಿನಿಂದ ಆಣಿಯ ಗಟ್ಟಿ ಮೊನೆಯನ್ನು ಪದರ ಪದರವಾಗಿ ತೆಗೆಯುತ್ತಾರೆ. ಸ್ಪರ್ಶವಿಲ್ಲದ ಪಾದಗಳಿಗೆ ಮೈಕ್ರೋಸೆಲ್ಯುಲಾರ್ ರಬ್ಬರಿನ ಮೆತ್ತನೆಯ ಅಟ್ಟೆಯಿರುವ ಎಂಸಿಆರ್ ಚಪ್ಪಲಿ ಬರೆದುಕೊಡುತ್ತಾರೆ.